ಬೀಜಕ್ಕೆ ಬಿಟ್ಟ ಟೊಮೆಟೊ

ಫೆಬ್ರುವರಿ ತಿಂಗಳಲ್ಲಿ ಎರಡು ದಿನ ನಮ್ಮ ಹೆಬ್ಬೂರಿನ ಮನೆಯ ಹಿಂಬಾಗಿಲ ಕಟ್ಟೆಯ ಮೇಲೆ ಒಂದು ಗಾಜಿನ ಬಟ್ಟಲು ಕೂತಿರುತ್ತದೆ. ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. ಈ ವರ್ಷ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಮುಚ್ಚಿದ್ದ ಬಟ್ಟೆ ಸರಿಸಿ ನೋಡಿ, ಮೂಗು ಹಿಡಿದುಕೊಂಡು ಒಳಕ್ಕೆ ಓಡಿದಳು. "ಅಜ್ಜೀ, ತಾತ ಇಟ್ಟಿರೋ ಟೊಮೆಟೊ ಕೊಳೆತುಹೋಗಿದೆ, ಬೂಷ್ಟು ಬಂದಿದೆ!" ನನ್ನಾಕೆ ಒಳಗಿನಿಂದಲೇ ಹೇಳಿದಳು: "ಕೊಳೀಲಿ ಅಂತಾನೇ ಇಟ್ಟಿರೋದು ಕಣೆ. ಮುಟ್ಟಬೇಡ."

ನಾನು ಬೇಸಾಯಗಾರನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಬೆಳೆಸಾಲದ ಲೆಡ್ಜರಿನಲ್ಲಿ ರಾಗಿ, ತೆಂಗು, ಟೊಮೆಟೊ ಎಂದು ಬರೆದದ್ದೇ ನನ್ನ ಕೃಷಿ. ಹಿತ್ತಲ ಕೆಲಸವೆಲ್ಲ ಅಮ್ಮನದು. ಅವಳ ಹತ್ತಿರ ಒಂದು ನಾಟಿ ಟೊಮೆಟೊ ಇತ್ತು. ಚಪ್ಪಟೆ ಹಣ್ಣು, ತೊಟ್ಟಿನ ಸುತ್ತ ಕುಂಬಳಕಾಯಿಯಂತೆ ಗೀರುಗೀರು, ಸಿಪ್ಪೆ ತೆಳು, ಎರಡು ದಿನ ಇಟ್ಟರೆ ಮೆತ್ತಗಾಗುವಂಥದ್ದು. ಸಂತೆಗೆ ಒಯ್ಯಲು ಬರುವುದಿಲ್ಲ. ಆದರೆ ಸಾರಿಗೆ ಹಾಕಿದರೆ ಹುಣಸೆಹಣ್ಣು ಬೇಡ, ಅಷ್ಟು ಹುಳಿ. ಅಮ್ಮ ಹೋದ ಮೇಲೆ ಅಣ್ಣ ಹೊಲದಲ್ಲಿ ಹೈಬ್ರಿಡ್ ಹಾಕತೊಡಗಿದ. ನಾನು ನಿವೃತ್ತನಾಗಿ ಊರಿಗೆ ಬಂದಾಗ ಹಿತ್ತಲ ಮೂಲೆಯಲ್ಲಿ ಆ ನಾಟಿಯ ಎರಡು ಗಿಡ ಮಾತ್ರ ಉಳಿದಿದ್ದವು. ಅತ್ತಿಗೆ ನಾಲ್ಕಾರು ಹಣ್ಣು ಕಿತ್ತು ನನ್ನ ಕೈಗೆ ಹಾಕಿ, "ಅತ್ತೆಯವರ ಬೀಜ ಇನ್ನು ನಿಮ್ಮ ಪಾಲಿಗೆ" ಎಂದರು.

ಆ ಬೀಜವನ್ನು ನಾನು ಹೆಚ್ಚೂಕಡಿಮೆ ಕೊಂದೇಬಿಟ್ಟಿದ್ದೆ.

ಮಾಡಿದ್ದಿಷ್ಟು. ಹಣ್ಣು ಹಿಂಡಿ, ಬೀಜ ತೊಳೆದು, ದಿನಪತ್ರಿಕೆಯ ಮೇಲೆ ಹರಡಿದೆ. ಲೋಳೆ ಹೋಗಿರಲಿಲ್ಲವಾದ್ದರಿಂದ ಬೀಜವೆಲ್ಲ ಕಾಗದಕ್ಕೆ ಅಂಟಿಕೊಂಡವು. ಮೇಲುಗಡೆ ಒಣಗಿದಂತೆ ಕಂಡಿತು. ಕಾಗದದ ಸಮೇತ ಮಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಬಿಗಿದು, ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಬ್ಯಾಂಕಿನವನಿಗೆ ಭದ್ರವೆಂದರೆ ಬೀಗವೇ ತಾನೆ! ಜೂನ್‌ನಲ್ಲಿ ಬಿಚ್ಚಿ ನೋಡಿದರೆ ಬೂದುಬಣ್ಣದ ಬೂಷ್ಟು, ಮುಗ್ಗಲು ವಾಸನೆ. ಇದ್ದದ್ದನ್ನೆಲ್ಲ ಒಟ್ಲು ಬಿಟ್ಟೆ. ಏಳು ಮೊಳಕೆ ಬಂದವು. ಎರಡು ಬುಡ ಕೊಳೆತು ಮಲಗಿದವು. ಉಳಿದ ಐದು ಗಿಡದಿಂದಲೇ ಇವತ್ತು ನಮ್ಮ ಮನೆಯಲ್ಲಿರುವ ಅಮ್ಮನ ಟೊಮೆಟೊ ಅಷ್ಟೂ ಬಂದದ್ದು.

ಅಮ್ಮ ಹೇಗೆ ಮಾಡುತ್ತಿದ್ದಳೆಂದು ಆಮೇಲೆ ಕುಳಿತು ನೆನಪು ಮಾಡಿಕೊಂಡೆ. ಅವಳು ತೀರಾ ಹಣ್ಣಾದ ಟೊಮೆಟೊವನ್ನು ಒಲೆಯ ಬೂದಿಯಲ್ಲಿ ಹಿಸುಕಿ, ಬೀಜವನ್ನು ಬೂದಿಯ ಜೊತೆ ಚೆನ್ನಾಗಿ ಉಜ್ಜಿ, ಮೊರದಲ್ಲಿ ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದಳು. ಬೂದಿ ಲೋಳೆಯನ್ನು ತೆಗೆಯುತ್ತಿತ್ತು, ತೇವವನ್ನೂ ಹೀರುತ್ತಿತ್ತು. ಅಟ್ಟದ ಬಿಸಿ ಮಳೆಗಾಲದ ಥಂಡಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಈಗ ಗ್ಯಾಸ್ ಒಲೆ. ಬೂದಿಯೂ ಇಲ್ಲ, ಅಟ್ಟವೂ ಇಲ್ಲ. ಹಾಗಾಗಿ ಹುಳಿ ಬರಿಸುವ ದಾರಿ.

ಟೊಮೆಟೊ ಬೀಜದ ಸುತ್ತ ಇರುವ ಲೋಳೆಗೆ ಒಂದು ಕೆಲಸವಿದೆ. ಹಣ್ಣಿನೊಳಗೆ ಅಷ್ಟು ನೀರು, ಅಷ್ಟು ಬೆಚ್ಚಗೆ ಇದ್ದರೂ ಬೀಜ ಅಲ್ಲೇ ಮೊಳೆತುಬಿಡಬಾರದಲ್ಲ, ಅದನ್ನು ತಡೆಯುವುದೇ ಈ ಲೋಳೆ. ಹಣ್ಣು ನೆಲಕ್ಕೆ ಬಿದ್ದು ಕೊಳೆತಾಗ ಲೋಳೆ ತಾನಾಗಿ ಕರಗುತ್ತದೆ. ನಾವು ಬಟ್ಟಲಿನಲ್ಲಿ ಮಾಡುವುದು ಅದನ್ನೇ. ಲೋಳೆಯಿದ್ದ ಮಾತ್ರಕ್ಕೆ ಬೀಜ ಸಾಯುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಗದಕ್ಕೆ ಅಂಟಿದ ಬೀಜವನ್ನು ಪೂರ್ತಿ ಒಣಗಿಸಿ ಕಾಗದದ ಸಮೇತ ಮಣ್ಣಿಗೆ ಹಾಕಿದರೂ ಮೊಳೆಯುತ್ತದೆ. ಆದರೆ ಲೋಳೆ ಇದ್ದರೆ ಒಣಗಿತೋ ಇಲ್ಲವೋ ತಿಳಿಯುವುದಿಲ್ಲ, ಬೂಷ್ಟಿಗೆ ಅದೇ ಆಹಾರ. ಹುಳಿ ಬರಿಸಿದರೆ ಬೀಜದ ಮೇಲೆ ಕೂತು ಬರುವ ಕೆಲವು ರೋಗದ ಸೂಕ್ಷ್ಮಾಣುಗಳೂ ಕಡಿಮೆಯಾಗುತ್ತವೆ.

ಈ ಸಲ ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಸೆಪ್ಟೆಂಬರ್ ಕೊನೆಯಲ್ಲಿ ಒಟ್ಲು ಬಿಟ್ಟು, ಅಕ್ಟೋಬರ್‌ನಲ್ಲಿ ನೆಟ್ಟ ಗಿಡಗಳು. ಬೀಜಕ್ಕೆಂದು ಈ ಬೆಳೆಯನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಹಣ್ಣಾಗುವ ಹೊತ್ತಿಗೆ ಮಳೆ ಇರುವುದಿಲ್ಲ. ಎಲೆ ಮುದುಡದ, ಚುಕ್ಕೆ ಬೀಳದ ಆರು ಗಿಡ ಗುರುತು ಮಾಡಿ, ಕೊಂಬೆಗೆ ಹಳೆಯ ಸೀರೆಯ ಅಂಚು ಕಟ್ಟಿದೆ. ಹಾಗೆ ಕಟ್ಟದಿದ್ದರೆ ನನ್ನಾಕೆ ಸಾರಿಗೆ ಕಿತ್ತುಬಿಡುತ್ತಾಳೆ. ಒಂದೇ ಗಿಡದ ಹಣ್ಣು ತೆಗೆಯದೆ ಆರು ಗಿಡದಿಂದ ತೆಗೆದದ್ದು, ಒಂದರಲ್ಲಿ ಕಾಣದ ದೋಷವಿದ್ದರೆ ಅದೇ ಮುಂದಿನ ವರ್ಷದ ಬೆಳೆಯಾಗಬಾರದೆಂದು. ಎರಡನೆಯ, ಮೂರನೆಯ ಗೊಂಚಲಿನ ಹಣ್ಣು, ಪೂರ್ತಿ ಕೆಂಪಾಗಿ ಬೆರಳಿಗೆ ಮೆತ್ತಗಾಗುವವರೆಗೆ ಗಿಡದಲ್ಲೇ ಬಿಟ್ಟವು. ಒಟ್ಟು 15 ಹಣ್ಣು.

ಭಾನುವಾರ ಸಂಜೆ ಅಡ್ಡಲಾಗಿ ಕೊಯ್ದು, ಬೀಜ ಮತ್ತು ರಸವನ್ನು ಗಾಜಿನ ಬಟ್ಟಲಿಗೆ ಹಿಂಡಿದೆ. ಉಳಿದ ತಿರುಳು ಗೊಜ್ಜಿಗೆ ಹೋಯಿತು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಕಿಲುಬು ಏಳುತ್ತದೆ. ನೀರು ಬೆರೆಸಲಿಲ್ಲ. ಬಹಳ ಜನ ಇಲ್ಲಿಯೇ ನೀರು ಸುರಿದುಬಿಡುತ್ತಾರೆ. ನೀರು ಹೆಚ್ಚಾದರೆ ಹುಳಿ ಬರುವುದು ನಿಧಾನವಾಗುತ್ತದೆ, ಬೀಜ ಮಾತ್ರ ನೆನೆದು ಮೊಳೆಯಲು ಹೊರಡುತ್ತದೆ. ಮೇಲೆ ತೆಳುಬಟ್ಟೆ ಕಟ್ಟಿ, ಬಿಸಿಲು ಬೀಳದ ಬೆಚ್ಚನೆಯ ಕಡೆ ಇಟ್ಟೆ. ದಿನಕ್ಕೆರಡು ಸಲ ಕಡ್ಡಿಯಲ್ಲಿ ಕಲಕಿದೆ. ಸೋಮವಾರ ಸಂಜೆಗೆ ಸಣ್ಣ ಗುಳ್ಳೆ, ಮಂಗಳವಾರ ಬೆಳಿಗ್ಗೆಗೆ ಮೇಲೆ ಬಿಳಿಯ ಪೊರೆ. ಮೊಮ್ಮಗಳು ಮೂಗು ಹಿಡಿದದ್ದು ಆಗಲೇ.

ಯಾವಾಗ ಸಾಕು ಎಂಬುದನ್ನು ಗಡಿಯಾರ ಹೇಳುವುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಒಂದೇ ದಿನಕ್ಕೆ ಆಗುತ್ತದೆ, ಡಿಸೆಂಬರ್ ಚಳಿಯಲ್ಲಿ ಮೂರು ದಿನ ಬೇಕಾದೀತು. ಎರಡು ಬೀಜ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಬೇಕು. ಜಾರಿದರೆ ಲೋಳೆ ಇದೆ. ಒರಟಾಗಿ, ಸಣ್ಣ ಮರಳಿನಂತೆ ಸಿಕ್ಕಿದರೆ ಆಯಿತು. ಅಲ್ಲಿಗೆ ನಿಲ್ಲಿಸಲೇಬೇಕು. ಒಂದು ವರ್ಷ ಮದುವೆಗೆಂದು ಗುಬ್ಬಿಗೆ ಹೋಗಿ ನಾಲ್ಕನೆಯ ದಿನ ಬಂದು ನೋಡಿದರೆ ಬೀಜದ ತುದಿಯಲ್ಲಿ ಬಿಳಿಯ ಮೊನೆ ಇಣುಕುತ್ತಿತ್ತು. ಲೋಳೆಯ ಕಾವಲು ಹೋದ ಮೇಲೆ ಬೀಜಕ್ಕೆ ಅದು ಮಳೆಗಾಲವೇ. ಹಾಗೆ ಮೊನೆ ಒಡೆದ ಬೀಜವನ್ನು ಒಣಗಿಸಿದರೆ ಸತ್ತಿತು.

ಮಂಗಳವಾರ ಸಂಜೆ ಬಟ್ಟಲಿಗೆ ಮೂರರಷ್ಟು ನೀರು ಸುರಿದು ಜೋರಾಗಿ ಕಲಕಿದೆ. ಗಟ್ಟಿ ಬೀಜ ತಳಕ್ಕೆ ಕೂತಿತು. ಪೊರೆ, ತಿರುಳು, ಜೊಳ್ಳು ಬೀಜ ಮೇಲೆ ತೇಲಿದವು. ಅವನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿದೆ. ನೀರು ತಿಳಿಯಾಗುವವರೆಗೆ ನಾಲ್ಕು ಸಲ ಹೀಗೆ ಮಾಡಿ, ಟೀ ಸೋಸುವ ಜಾಲರಿಯಲ್ಲಿ ಬಸಿದು, ಜಾಲರಿಯ ತಳವನ್ನು ಒಣಬಟ್ಟೆಗೆ ಒತ್ತಿದೆ. ಆಮೇಲೆ ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ಯಾನಿನ ಗಾಳಿಗೆ ಇಟ್ಟೆ. ಮೊದಲ ರಾತ್ರಿಯೊಳಗೆ ಒದ್ದೆ ಬಿಡಬೇಕು. ದಪ್ಪಗೆ ಹರಡಿದರೆ ನಡುವಿನವು ಮೊಳೆಯುತ್ತವೆ. ಬೆಳಿಗ್ಗೆ ಉಂಡೆ ಕಟ್ಟಿದ್ದನ್ನು ಅಂಗೈಯಲ್ಲಿ ಉಜ್ಜಿ ಬಿಡಿಸಿದಾಗ ಬೀಜದ ಮೇಲಿನ ಸಣ್ಣ ರೋಮ ಬೂದುಬಣ್ಣದ ಮಖಮಲ್ಲಿನಂತೆ ಎದ್ದು ಕಂಡಿತು. ಆಮೇಲೆ ಹತ್ತು ದಿನ ನೆರಳಲ್ಲಿ. ಕಾದ ತಾರಸಿಯ ಮಧ್ಯಾಹ್ನದ ಬಿಸಿಲಿಗೆ ಹಸಿ ಬೀಜ ಇಡಬಾರದು, ಒಳಗಿನ ಜೀವ ಬೇಯುತ್ತದೆ.

ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. 15 ಹಣ್ಣಿಗೆ 5 ಗ್ರಾಂ. ಟೊಮೆಟೊ ಬೀಜ ಗ್ರಾಂಗೆ ಸುಮಾರು 300 ಬರುತ್ತದೆ, ಎಂದರೆ ಒಂದೂವರೆ ಸಾವಿರ ಗಿಡದ ಬೀಜ. ಅಕ್ಕಸಾಲಿಗರು ನಕ್ಕು ಕೂಲಿ ಬೇಡವೆಂದರು.

ಎಲ್ಲ ಟೊಮೆಟೊದಲ್ಲೂ ಹೀಗೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಅದೇ ಹಣ್ಣು ಸಿಗುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮೆಟೊ ಎಲೆಮುದುಡು ರೋಗವನ್ನೂ ಸೊರಗು ರೋಗವನ್ನೂ ತಡೆಯುವಂಥದ್ದು. ಅದು ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್. ಅದರ ಬೀಜ ತೆಗೆದು ಬಿತ್ತಿದರೆ ಒಂದು ಗಿಡ ತಾಯಿಯಂತೆ, ಇನ್ನೊಂದು ತಂದೆಯಂತೆ, ಮತ್ತೊಂದು ಯಾರಂತೆಯೂ ಅಲ್ಲದೆ ಬರುತ್ತವೆ. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರ ಬೀಜ ಎತ್ತಿಟ್ಟರೆ ಅದೇ ಬರುತ್ತದೆ. ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ಹೆಣ್ಣುಮಕ್ಕಳು ಮೊಗ್ಗಿನಿಂದ ಗಂಡು ಕೇಸರ ಕಿತ್ತು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸುತ್ತಾರೆ. ಆ ಪ್ಯಾಕೆಟ್ಟಿನ ಬೆಲೆಯಲ್ಲಿ ಆ ಬೆರಳುಗಳ ಕೂಲಿಯೂ ಸೇರಿದೆ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಹೈಬ್ರಿಡ್ ಅಥವಾ ಎಫ್-1 ಎಂದಿದೆಯೇ ನೋಡಿದರೆ ಸಾಕು.

ಟೊಮೆಟೊ ಹೂವು ತನ್ನೊಳಗೇ ಫಲ ಕಟ್ಟಿಕೊಳ್ಳುವುದರಿಂದ ಪಕ್ಕದ ಸಾಲಿನಲ್ಲಿ ಬೇರೆ ಟೊಮೆಟೊ ಇದ್ದರೂ ಅಷ್ಟಾಗಿ ಬೆರೆಯುವುದಿಲ್ಲ. ಅಮ್ಮನ ತಳಿ ಅಣ್ಣನ ಹೈಬ್ರಿಡ್ ಪಕ್ಕದಲ್ಲೇ ಇದ್ದೂ ಕೆಡದೆ ಉಳಿದದ್ದು ಅದಕ್ಕೆ. ಮೆಣಸಿನಕಾಯಿ ಹಾಗಲ್ಲ. ಅದು ನನಗೆ ಗೊತ್ತಾದದ್ದು ಬಜ್ಜಿ ತಿನ್ನುವಾಗ.

ತಾರಸಿಯ ಕುಂಡಗಳಲ್ಲಿ ದಪ್ಪ ಮೆಣಸಿನಕಾಯಿ ಹಾಕಿದ್ದೆ. ಕ್ಯಾಲಿಫೋರ್ನಿಯಾ ವಂಡರ್ ಎಂಬ ಹಳೆಯ ತಳಿ, ಹೈಬ್ರಿಡ್ ಅಲ್ಲ. ಪಕ್ಕದ ಕುಂಡದಲ್ಲೇ ಖಾರದ ಗಿಡ. ಆ ವರ್ಷ ದಪ್ಪ ಕಾಯಿ ಸಪ್ಪೆಯಾಗಿಯೇ ಇತ್ತು, ಬೀಜ ಎತ್ತಿಟ್ಟೆ. ಮರುವರ್ಷ ಆ ಬೀಜದ ಒಂದೆರಡು ಗಿಡದಲ್ಲಿ ಕಾಯಿ ಕೊಂಚ ಸಣ್ಣದಾಗಿ, ತುದಿ ಚೂಪಾಗಿ ಬಂತು. ಮಣ್ಣು ಸಾಲದೇನೋ ಎಂದುಕೊಂಡೆವು. ನನ್ನಾಕೆ ಬಜ್ಜಿ ಕರಿದಳು. ಮೊಮ್ಮಗ ಬಾಯಿತುಂಬ ಕಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತಾ ಅಡುಗೆಮನೆಯ ಸಕ್ಕರೆ ಡಬ್ಬಿಗೇ ಕೈಹಾಕಿದ. ಇವತ್ತಿಗೂ ಅವನು ನಮ್ಮ ಮನೆಯ ಬಜ್ಜಿಯನ್ನು ಮೊದಲು ಮುರಿದು ಮೂಸಿ ನೋಡುತ್ತಾನೆ.

ಆದದ್ದೇನೆಂದರೆ, ಜೇನುನೊಣ ಖಾರದ ಹೂವಿನ ಪರಾಗವನ್ನು ಸಪ್ಪೆ ಗಿಡದ ಹೂವಿಗೆ ಮುಟ್ಟಿಸಿತ್ತು. ಆ ವರ್ಷದ ಕಾಯಿ ತಾಯಿಗಿಡದ್ದೇ, ಅದರ ರುಚಿ ಬದಲಾಗುವುದಿಲ್ಲ. ಬೆರಕೆ ಕೂತದ್ದು ಒಳಗಿನ ಬೀಜದಲ್ಲಿ. ಖಾರದ ಗುಣ ಸಪ್ಪೆಯ ಗುಣವನ್ನು ಮೆಟ್ಟಿ ನಿಲ್ಲುವಂಥದ್ದಾದ್ದರಿಂದ ಮರುವರ್ಷದ ಗಿಡ ಖಾರವಾಯಿತು. ಬೀಜ ಬೆಳೆಯುವ ರೈತರು ಎರಡು ತಳಿಯ ಮೆಣಸಿನ ಹೊಲಗಳ ನಡುವೆ 200ರಿಂದ 400 ಮೀಟರ್ ಬಿಡುತ್ತಾರೆ. ನನ್ನ ತಾರಸಿ ಉದ್ದಕ್ಕೆ ಹತ್ತು ಮೀಟರ್. ಹಾಗಾಗಿ ಈಗ ಹಳೆಯ ಸೊಳ್ಳೆಪರದೆಯಲ್ಲಿ ನನ್ನಾಕೆ ಚೀಲ ಹೊಲಿದುಕೊಟ್ಟಿದ್ದಾಳೆ. ಹೂವು ಇನ್ನೂ ಮೊಗ್ಗಾಗಿರುವಾಗ, ಅರಳಿದ ಹೂವು, ಕಟ್ಟಿದ ಕಾಯಿ ಇದ್ದರೆ ಚಿವುಟಿ ತೆಗೆದು, ಕೊಂಬೆಗೆ ಚೀಲ ತೊಡಿಸಿ ಬಾಯಿ ಕಟ್ಟುತ್ತೇನೆ. ಬೆಳಿಗ್ಗೆ ಒಮ್ಮೆ ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಒಳಗಿನ ಹೂವು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ನಾಲ್ಕೈದು ಹೀಚು ಕಂಡ ಮೇಲೆ ಚೀಲ ತೆಗೆದು, ಆ ಹೀಚಿನ ತೊಟ್ಟಿಗೆ ಬಣ್ಣದ ದಾರ. ದಾರ ಇರುವ ಕಾಯಿಯಷ್ಟೇ ಬೀಜಕ್ಕೆ.

ಮೆಣಸಿನಕಾಯಿಗೆ ಹುಳಿ ಬರಿಸುವ ಗೋಜಿಲ್ಲ, ಲೋಳೆಯೇ ಇಲ್ಲ. ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾಗಿ ತುಸು ಸುಕ್ಕುಗಟ್ಟಲಿ. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ. ಸೀಳಿ, ಚಮಚದ ಹಿಡಿಯಿಂದ ಬೀಜ ಕೆರೆದು, ತಟ್ಟೆಯಲ್ಲಿ ನೆರಳಿಗೆ ಹರಡುವುದಷ್ಟೇ. ಕೈಗೆ ಮೊದಲೇ ಕೊಬ್ಬರಿಎಣ್ಣೆ ಸವರಿಕೊಳ್ಳಿ, ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಕಾಯಿಯ ಮೇಲೆ ಒಳಕ್ಕಿಳಿದ ಕಪ್ಪು ಕಲೆ ಇದ್ದರೆ ಅದು ಬೀಜದ ಜೊತೆಯೇ ಮುಂದಿನ ಬೆಳೆಗೂ ದಾಟುವ ರೋಗ, ಕಾಯಿಯನ್ನೇ ಬಿಸಾಡಬೇಕು. ಒಳ್ಳೆಯ ಬೀಜ ತಿಳಿ ಹುಲ್ಲಿನ ಬಣ್ಣ, ಕಂದಿದ್ದು ಬೇಡ. ಅಂಗಡಿಯ ಬ್ಯಾಡಗಿ ಒಣಮೆಣಸಿನಕಾಯಿಯ ಬೀಜ ಹಾಕಬಹುದೇ ಎಂದು ಅತ್ತಿಗೆ ಕೇಳಿದ್ದರು. ಮೊಳೆಯಬಹುದು. ಆದರೆ ಅದು ಎಷ್ಟು ಹೊಲದ ಕಾಯಿ ಬೆರೆತದ್ದೋ, ಎಷ್ಟು ಹಳೆಯದೋ ಯಾರು ಬಲ್ಲರು.

ಬೆಂಡೆ ಈ ಮೂರರಲ್ಲಿ ಸುಲಭ, ಆಸೆ ಬಿಡುವುದು ಮಾತ್ರ ಕಷ್ಟ. ಬೀಜಕ್ಕೆ ಬಿಟ್ಟ ಕಾಯಿಯನ್ನು ಹೂವಾದ ಮೇಲೆ ತಿಂಗಳಿಗೂ ಮೇಲೆ ಗಿಡದಲ್ಲೇ ಬಿಡಬೇಕು. ಕಾಯಿ ಬಲಿಯತೊಡಗಿದರೆ ಗಿಡ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಹತ್ತು ಗಿಡದಲ್ಲಿ ಎಲೆಯ ನರ ಹಳದಿಯಾಗದ ಮೂರನ್ನು ಬೀಜಕ್ಕೇ ಇಟ್ಟು, ಏಳನ್ನು ಹುಳಿಗೆ ಇಟ್ಟುಕೊಳ್ಳುತ್ತೇನೆ. ಹಿತ್ತಲಲ್ಲಿ ಇರುವುದು ಅರ್ಕಾ ಅನಾಮಿಕ, ಇದೂ ಹೆಸರಘಟ್ಟದ್ದೇ, ಹೈಬ್ರಿಡ್ ಅಲ್ಲ. ಬೆಂಡೆ ಹೂವಿಗೂ ಜೇನು ಬರುತ್ತದೆ. ಪಕ್ಕದ ಮನೆಯವರು ಬೇರೆ ಬೆಂಡೆ ಹಾಕಿದ್ದರೆ, ನಾಳೆ ಅರಳುವ ಮೊಗ್ಗಿನ ತುದಿಯನ್ನು ಇಂದು ಸಂಜೆಯೇ ದಾರದಿಂದ ಸಡಿಲವಾಗಿ ಕಟ್ಟಿಬಿಟ್ಟರೆ ಆಯಿತು. ಹೂವಿನ ಆಯುಸ್ಸು ಅರ್ಧ ದಿನ, ಒಳಗೇ ಕಾಯಿ ಕಟ್ಟುತ್ತದೆ.

ಕಾಯಿ ಕಂದು ಬಣ್ಣಕ್ಕೆ ತಿರುಗಿ, ಏಣಿನ ಮೇಲೆ ಸಣ್ಣ ಬಿರುಕು ಬಿಟ್ಟು, ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡಿದಾಗ ಕೊಯ್ಯುವುದು. ತಡಮಾಡಿದರೆ ಬೀಜ ನೆಲಕ್ಕೆ ಸಿಡಿಯುತ್ತದೆ, ಮಳೆ ಬಂದರೆ ಬಿರುಕಿನಲ್ಲಿ ನೀರಿಳಿದು ಕಪ್ಪಾಗುತ್ತದೆ. ಮಳೆಯ ಮೋಡ ಕಂಡರೆ ಬಲಿತ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು ಜಗುಲಿಯಲ್ಲಿ ತೂಗುಹಾಕಿ. ಒಣಕಾಯಿಯ ಮುಳ್ಳುರೋಮ ಕೈ ತುರಿಸುತ್ತದೆ, ಗೋಣಿಚೀಲದೊಳಗೆ ಹಾಕಿ ಬಡಿದರೆ ಮುಟ್ಟುವ ಕೆಲಸವೇ ಇಲ್ಲ.

ಇನ್ನು ಒಣಗಿಸಿ ಇಡುವ ಮಾತು. ನನ್ನ ಮೊದಲ ಬೀಜ ಸತ್ತದ್ದು ಇಲ್ಲಿಯೇ. ಬೀಜ ಉಸಿರಾಡುವ ಜೀವ. ತೇವ, ಸೆಕೆ ಹೆಚ್ಚಿದಷ್ಟೂ ಬೇಗ ಉಸಿರಾಡಿ ಒಳಗಿನ ಬುತ್ತಿಯನ್ನು ಮುಗಿಸುತ್ತದೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಸುಮಾರು ಇಮ್ಮಡಿ ಎಂದು ಬೀಜಶಾಸ್ತ್ರದವರು ಹೇಳುವ ಲೆಕ್ಕ. ನಮ್ಮ ಚಕ್ರಬಡ್ಡಿಯಂತೆಯೇ ಇದೆ, ಅದಕ್ಕೇ ನನಗೆ ನೆನಪುಳಿದಿದೆ. ಒಣಗಿದ್ದನ್ನು ಕಂಡುಹಿಡಿಯಲು ಮೆಣಸಿನ ಬೀಜವನ್ನು ಬಾಗಿಸಿ ನೋಡುತ್ತೇನೆ. ಬಾಗಿದರೆ ಇನ್ನೂ ತೇವ, ಟಕ್ಕೆಂದು ಮುರಿದರೆ ಒಣಗಿದೆ. ಬೆಂಡೆ ಬೀಜವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಕುಟ್ಟಿದರೆ ಚೂರಾಗಬೇಕು, ಚಪ್ಪಟೆಯಾಗಬಾರದು.

ಗಾಳಿಯಲ್ಲಿ ಒಣಗಿಸಿದ್ದು ಮಳೆಗಾಲಕ್ಕೆ ಸಾಲದು. ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು, ಮುಚ್ಚಿಟ್ಟು ಪೂರ್ತಿ ಆರಿಸಿ, ಗಟ್ಟಿಮುಚ್ಚಳದ ಗಾಜಿನ ಬಾಟಲಿಯ ತಳಕ್ಕೆ ಹಾಕುತ್ತೇನೆ. ಬೀಜವನ್ನು ಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿ ಅದರ ಮೇಲೆ ಇಡುತ್ತೇನೆ. ಅಕ್ಕಿ ಬೀಜದ ಎರಡರಷ್ಟಾದರೂ ಇರಲಿ. ಹುರಿದ ಅಕ್ಕಿ ಬೀಜದಲ್ಲಿ ಉಳಿದ ತೇವವನ್ನು ಹೀರುತ್ತದೆ. ಎರಡು ವಾರ ಕಳೆದ ಮೇಲೆ ಆ ಅಕ್ಕಿ ತೆಗೆದು, ಹೊಸದಾಗಿ ಹುರಿದದ್ದನ್ನು ಸ್ವಲ್ಪ ಹಾಕಿ ಮುಚ್ಚಿ, ತಳಿಯ ಹೆಸರು, ಬೀಜ ತೆಗೆದ ತಿಂಗಳು ಬರೆದ ಚೀಟಿ ಒಳಗಿಟ್ಟು ಫ್ರಿಡ್ಜಿನ ಕೆಳಗಿನ ತಟ್ಟೆಗೆ. ಒಣಗದ ಬೀಜವನ್ನು ಫ್ರಿಡ್ಜಿಗಿಟ್ಟರೆ ಒಣಗುವುದಿಲ್ಲ, ಮೆಲ್ಲಗೆ ಕೆಡುತ್ತದೆ ಅಷ್ಟೇ. ಹೊರತೆಗೆದ ಬಾಟಲಿಯನ್ನು ತಕ್ಷಣ ತೆರೆಯಬೇಡಿ. ತಣ್ಣನೆಯ ಬೀಜದ ಮೇಲೆ ಹೊರಗಾಳಿಯ ನೀರು ಬೆವರಿನಂತೆ ಕೂತುಬಿಡುತ್ತದೆ. ರಾತ್ರಿ ತೆಗೆದಿಟ್ಟು ಬೆಳಿಗ್ಗೆ ತೆರೆಯಿರಿ. ಹೀಗೆ ಇಟ್ಟರೆ ಟೊಮೆಟೊ ನಾಲ್ಕು ವರ್ಷ ನಿಶ್ಚಿಂತೆ. ಮೆಣಸಿನಕಾಯಿ ಮತ್ತು ಬೆಂಡೆಯನ್ನು ಎರಡು ವರ್ಷದೊಳಗೆ ಬಿತ್ತಿ ಹೊಸದು ಮಾಡಿಕೊಳ್ಳುವುದು ವಾಸಿ.

ಒಟ್ಲು ಬಿಡುವ ಎರಡು ವಾರ ಮೊದಲು ಮೂರರಿಂದಲೂ 20 ಬೀಜ ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡುತ್ತೇವೆ. ಎಣಿಸುವುದು ಮೊಮ್ಮಗಳ ಕೆಲಸ. ಬೆಂಡೆ, ಟೊಮೆಟೊ ಒಂದು ವಾರದೊಳಗೆ ಮೊಳೆಯುತ್ತವೆ, ಮೆಣಸಿನಕಾಯಿಗೆ ಹತ್ತು ಹನ್ನೆರಡು ದಿನ ತಾಳ್ಮೆ ಬೇಕು. ಸರ್ಕಾರದ ಪ್ರಮಾಣಿತ ಬೀಜಕ್ಕೆ ಟೊಮೆಟೊದಲ್ಲಿ ನೂರಕ್ಕೆ 70, ಬೆಂಡೆಯಲ್ಲಿ 65, ಮೆಣಸಿನಕಾಯಿಯಲ್ಲಿ 60 ಮೊಳೆಯಬೇಕೆಂದು ನಿಯಮ. ಈ ವರ್ಷ ನಮ್ಮದು ಟೊಮೆಟೊ 20ಕ್ಕೆ 17, ಬೆಂಡೆ 15, ಮೆಣಸಿನಕಾಯಿ 11. ಮೆಣಸಿನಕಾಯಿ ಒಂದು ಬೀಜದಿಂದ ಫೇಲಾಯಿತು. ಹಳೆಯ ಬಾಟಲಿಯದು ಅದು, ಚೀಟಿ ನೋಡಿದರೆ ಮೂರು ವರ್ಷ ಹಿಂದಿನದು. ದಟ್ಟವಾಗಿ ಬಿತ್ತಿ ಕೆಲಸ ಸಾಗಿಸಿದ್ದೇನೆ, ಈಗ ಸೊಳ್ಳೆಪರದೆಯ ಚೀಲಗಳನ್ನು ಒಗೆದು ಇಡಬೇಕು.

ಟೊಮೆಟೊದ 5 ಗ್ರಾಂನಲ್ಲಿ ಒಂದು ಗ್ರಾಂ ನಮ್ಮ ಒಟ್ಲಿಗೆ ಹೋಯಿತು. ಎರಡು ಗ್ರಾಂ ಫ್ರಿಡ್ಜಿನಲ್ಲಿದೆ. ಒಂದನ್ನು ಮೊಮ್ಮಗಳು ಬೆಂಗಳೂರಿನ ಬಾಲ್ಕನಿಗೆಂದು ಪೆನ್ಸಿಲ್ ಡಬ್ಬಿಯಲ್ಲಿ ಒಯ್ದಳು. ಉಳಿದ ಒಂದು ಗ್ರಾಂ ಅತ್ತಿಗೆಯ ಮನೆಯಲ್ಲಿದೆ, ನನ್ನ ಬೀರುವನ್ನು ಅವರು ಈಗಲೂ ನಂಬುವುದಿಲ್ಲ.